ಲಕೋಟೆಯೊಳಗಿನ ಬೀಗದಕೈ

ಮೈಸೂರಿನ ಸರಸ್ವತೀಪುರದಲ್ಲಿರುವ ನನ್ನ ಚಿಕ್ಕಮ್ಮನ ಮನೆಯು, ಚಿಕ್ಕಪ್ಪನವರು ರೈಲ್ವೆ ಕಾರ್ಯಾಗಾರದಲ್ಲಿ ನೌಕರಿಯಲ್ಲಿದ್ದಾಗ ವರ್ಷಕ್ಕೊಂದು ಕೋಣೆಯಂತೆ ಬೆಳೆದು, ಮಗಳ ಮದುವೆಯ ಹೊತ್ತಿಗೆ ಮೇಲೊಂದು ಮಹಡಿಯನ್ನೂ ಹೊತ್ತುಕೊಂಡು ನಿಂತ ಮನೆ. ಚಿಕ್ಕಪ್ಪನವರು ತೀರಿಕೊಂಡು ಆರು ವರ್ಷಗಳಾದುವು. ಮಗಳು ಪುಣೆಯಲ್ಲಿ, ಮಗ ಹೈದರಾಬಾದಿನಲ್ಲಿ. 76 ವರ್ಷದ ಚಿಕ್ಕಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆಯಾದರೂ ಔಷಧಕ್ಕೂ ಮನೆಯ ದುರಸ್ತಿಗೂ ಅದು ಸಾಲದು. ಅದಕ್ಕಿಂತ ಹೆಚ್ಚಾಗಿ, ಸಂಜೆಯಾದ ಮೇಲೆ ಮೇಲಿನ ಮನೆಯಲ್ಲಿ ಒಂದು ದೀಪವೂ ಇಲ್ಲದಿರುವುದು ಆಕೆಯ ಮನಸ್ಸಿಗೆ ಭಾರವಾಗುತ್ತದೆ. ಹೀಗಾಗಿ ಕಳೆದ ವರ್ಷ ಮಹಡಿಯನ್ನು ಪುನಃ ಬಾಡಿಗೆಗೆ ಕೊಡುವ ಮಾತು ಬಂದಾಗ, ಅದರ ಏರ್ಪಾಟನ್ನು ನೋಡಿಕೊಳ್ಳುವ ಹೊಣೆ ಅದೇ ಊರಿನಲ್ಲಿರುವ ನನ್ನ ಪಾಲಿಗೆ ಬಂತು.

ಪುನಃ ಎಂದೆನಷ್ಟೆ. ಅದಕ್ಕೆ ಕಾರಣವುಂಟು. ಅದಕ್ಕೆ ಮೊದಲು ಮಹಡಿಯಲ್ಲಿ ಎರಡು ವರ್ಷವಿದ್ದ ಬಾಡಿಗೆದಾರರೊಬ್ಬರು ನಮ್ಮ ಬಂಧುಗಳ ಕಡೆಯಿಂದಲೇ ಬಂದವರು. ನಯವಾದ ಮಾತಿನವರು, ಚಿಕ್ಕಮ್ಮನನ್ನು ‘ಅಮ್ಮ’ ಎಂದು ಕರೆಯುತ್ತಿದ್ದವರು. ಮೊದಲು ಔಷಧದಂಗಡಿಗೆ ಹೋಗಿಬಂದರು. ಆಮೇಲೆ ವಿದ್ಯುತ್ತಿನ ಬಿಲ್ಲು ಕಟ್ಟಿಬಂದರು. ಆರು ತಿಂಗಳಾಗುವಷ್ಟರಲ್ಲಿ ಚಿಕ್ಕಮ್ಮನ ಎಟಿಎಂ ಕಾರ್ಡೂ ಅದರ ಗುಪ್ತಸಂಖ್ಯೆಯೂ ಅವರ ಕೈಯಲ್ಲಿದ್ದುವು. ಅವರು ಮನೆ ಬಿಟ್ಟ ಬಳಿಕ ನಾನು ಪಾಸ್‌ಬುಕ್ಕನ್ನು ಬ್ಯಾಂಕಿನಲ್ಲಿ ಮುದ್ರಿಸಿ ತಂದು, ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಹಿಡಿದು ನೋಡಿದೆ. ಹಾಲಿನ ಲೆಕ್ಕ ಬರೆಯುವ ಆ ಕ್ಯಾಲೆಂಡರಿನಲ್ಲಿ ಚಿಕ್ಕಮ್ಮ ತಾನು ತರಿಸಿಕೊಂಡ ಹಣವನ್ನೂ ಬರೆದಿಡುತ್ತಿದ್ದರು. ಕ್ಯಾಲೆಂಡರಿನಲ್ಲಿ 3,000 ಎಂದಿದ್ದ ದಿನ ಪಾಸ್‌ಬುಕ್ಕಿನಲ್ಲಿ 5,000 ಎಂದಿತ್ತು. ಅಂತಹ ದಿನಗಳು ಒಂಬತ್ತು. ಒಟ್ಟು 18,000 ರೂಪಾಯಿ. ಇಷ್ಟಲ್ಲದೆ ಕೊನೆಯ ನಾಲ್ಕು ತಿಂಗಳ ಬಾಡಿಗೆಯನ್ನು ‘ಓಡಾಟದ ಲೆಕ್ಕಕ್ಕೆ ವಜಾ’ ಎಂದು ಅವರು ಕೊಟ್ಟೇ ಇರಲಿಲ್ಲ. ಚಿಕ್ಕಮ್ಮನಿಗೆ ಇದು ಗೊತ್ತಾಗದೆ ಇರಲಿಲ್ಲ. “ಹೇಳಿದ್ರೆ ನನ್ನ ಕೈಲಿ ಮನೆ ನಡೆಸೋಕಾಗಲ್ಲ ಅಂತ ನೀವೆಲ್ಲ ಅಂದ್ಕೋತೀರಿ ಅಂತ ಸುಮ್ಮನಿದ್ದೆ ಕಣೋ” ಎಂದರು. ಆ ಮಾತು ಹಣಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿತು.

ವೃದ್ಧರ ಮನೆಗೆ ಬಾಡಿಗೆದಾರರನ್ನು ತರುವಾಗ ನಾವು ಕಳ್ಳನಿಗೆ ಹೆದರುತ್ತೇವೆ, ಮನೆ ಬಿಡದೆ ಕುಳಿತುಬಿಡುವವನಿಗೆ ಹೆದರುತ್ತೇವೆ. ಆ ಭಯಗಳು ನಿರಾಧಾರವಲ್ಲ. ಆದರೆ ನಾನು ಕಂಡಂತೆ, ಹೆಚ್ಚಿನ ಮನೆಗಳಲ್ಲಿ ಅಪಾಯವು ಪ್ರವೇಶಿಸುವುದು ಸ್ನೇಹದ ಬಾಗಿಲಿನಿಂದ. ಒಂದು ಸಂಸಾರಕ್ಕೂ ಇನ್ನೊಂದಕ್ಕೂ ನಡುವೆ ಇರಬೇಕಾದ ಗೆರೆಯು, ಯಾರ ದುರುದ್ದೇಶವೂ ಇಲ್ಲದೆ, ದಿನಕ್ಕಿಷ್ಟಿಷ್ಟಾಗಿ ಅಳಿಸಿಹೋಗುವುದರಿಂದ. ಆದಕಾರಣ ಈ ಸಲ ನಾವು ಮಾಡಿದ ಕೆಲಸವೆಲ್ಲವೂ ಆ ಗೆರೆಯನ್ನು, ‘ಬಾಡಿಗೆಗಿದೆ’ ಎಂಬ ಫಲಕವನ್ನು ಗೇಟಿಗೆ ಕಟ್ಟುವುದಕ್ಕೆ ಮುಂಚೆಯೇ, ಎಳೆದಿಡುವ ಕೆಲಸವಾಗಿತ್ತು.

ಮೊದಲು ಕಟ್ಟಡ. ಒಳಮೆಟ್ಟಿಲಿನ ತುದಿಯಲ್ಲಿ ಒಂದು ಬಾಗಿಲಿದ್ದು, ಅದಕ್ಕೆ ಮಹಡಿಯ ಕಡೆಯಿಂದ ಮಾತ್ರ ಚಿಲಕವಿತ್ತು. ಎಂದರೆ ಮೇಲಿದ್ದವರು ಇಚ್ಛೆ ಬಂದಾಗ ಕೆಳಗಿಳಿಯಬಹುದಾಗಿತ್ತು. ಬಡಗಿಯನ್ನು ಕರೆಸಿ ಕೆಳಗಿನ ಕಡೆಗೂ ಮೇಲೊಂದು ಕೆಳಗೊಂದು ಬೋಲ್ಟು ಹಾಕಿಸಿದೆವು. ಮೇಲಿನ ಕಡೆಯ ಚಿಲಕವನ್ನು ಹಾಗೆಯೇ ಉಳಿಸಿದೆವು. ಏಕೆಂದರೆ ಆ ಭದ್ರತೆಯು ಬಾಡಿಗೆದಾರರಿಗೂ ನ್ಯಾಯವಾಗಿ ಸಲ್ಲತಕ್ಕದ್ದು. ಹೊರಮೆಟ್ಟಿಲಿನ ಬಾಗಿಲಿನ ಬೀಗವನ್ನು ಪೂರ್ತಿ ಬದಲಿಸಿದೆವು. ಹಿಂದಿನವರು ಬೀಗದಕೈಯನ್ನು ಹಿಂತಿರುಗಿಸಿದ್ದರು, ನಿಜ. ಆದರೆ ಬೀಗದಕೈಗೆ ನಕಲು ಮಾಡಿಸಲು ಹತ್ತು ನಿಮಿಷ ಸಾಕು. ಸಾವಿರ ರೂಪಾಯಿಯ ಆಸುಪಾಸಿನ ಈ ಖರ್ಚನ್ನು ಜನರು ಮರೆಯುವಷ್ಟು ಬೇರಾವುದನ್ನೂ ಮರೆಯುವುದಿಲ್ಲ.

ಬಳಿಕ ವಿದ್ಯುತ್ತು. ಇಡೀ ಮನೆಗೆ ಒಂದೇ ಮೀಟರಿತ್ತು. ಚಿಕ್ಕಮ್ಮನ ಖರ್ಚು ತಿಂಗಳಿಗೆ ಸುಮಾರು 60 ಯೂನಿಟ್ಟು. ಗೃಹಜ್ಯೋತಿಯ ಲೆಕ್ಕದಲ್ಲಿ ಆ ಮೀಟರಿಗೆ ಉಚಿತವಾಗಿ ದೊರೆಯುವುದು 2022-23ರ ಸರಾಸರಿಯೂ ಅದರ ಮೇಲೆ ನೂರಕ್ಕೆ ಹತ್ತೂ ಸೇರಿ 66 ಯೂನಿಟ್ಟು. ಮೇಲೊಂದು ಸಂಸಾರ ಬಂದು ಮಿಕ್ಸಿ, ಫ್ರಿಜ್ಜು, ಬಿಸಿನೀರಿನ ಗೀಸರು ಸೇರಿದರೆ ಮೀಟರು 160 ದಾಟುತ್ತದೆ. ಹೆಚ್ಚಾದಷ್ಟಕ್ಕೆ ಹಣ ಕಟ್ಟಬೇಕು. ಚಳಿಗಾಲದ ಯಾವುದೋ ತಿಂಗಳು 200 ದಾಟಿತೆಂದರೆ ಪೂರ್ಣ ಬಿಲ್ಲನ್ನೇ ಕಟ್ಟಬೇಕು. ಆಗ ಯಾರ ಗೀಸರು ಎಷ್ಟು ಹೊತ್ತು ಉರಿಯಿತೆಂಬ ಚರ್ಚೆಯು ಎರಡು ಸಂಸಾರಗಳ ನಡುವೆ ಪ್ರತಿ ತಿಂಗಳೂ ಹುಟ್ಟುತ್ತದೆ. ಪರವಾನಗಿಯಿರುವ ವಿದ್ಯುತ್ ಗುತ್ತಿಗೆದಾರರ ಮೂಲಕ ವಿದ್ಯುತ್ ನಿಗಮಕ್ಕೆ ಅರ್ಜಿ ಹಾಕಿ ಮಹಡಿಗೆ ಪ್ರತ್ಯೇಕ ಮೀಟರನ್ನೂ ಪ್ರತ್ಯೇಕ ಆರ್‌ಆರ್ ಸಂಖ್ಯೆಯನ್ನೂ ತೆಗೆದುಕೊಂಡೆವು. ಆ ಸಂಖ್ಯೆಗೆ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿ ಯೋಜನೆಗೆ ತಾವೇ ಅರ್ಜಿ ಹಾಕಿಕೊಳ್ಳಬಹುದು. ಮನಸ್ತಾಪದ ಒಂದು ದೊಡ್ಡ ಬೇರು ಅಲ್ಲಿಗೆ ಕಡಿದುಹೋಯಿತು. ನೀರನ್ನು ಹಾಗೆ ಬೇರ್ಪಡಿಸುವುದು ಸಾಧ್ಯವಾಗಲಿಲ್ಲ; ಸಂಪು ಒಂದೇ, ಮೋಟಾರು ಒಂದೇ. ಅದು ಮನೆಯ ನಿಯಮಗಳ ಹಾಳೆಗೆ ಹೋಗಬೇಕಾದ ವಿಷಯವೆಂದು ಬರೆದಿಟ್ಟುಕೊಂಡೆ.

ಇಷ್ಟರಲ್ಲಿ ಒಬ್ಬ ದಲ್ಲಾಳಿಯು ಬಂದು, ಬಾಡಿಗೆಯ ರಗಳೆಯೇಕೆ, ಭೋಗ್ಯಕ್ಕೆ ಕೊಟ್ಟುಬಿಡಿ, ಮೂರು ವರ್ಷಕ್ಕೆ ಆರು ಲಕ್ಷ ರೂಪಾಯಿ ಒಟ್ಟಿಗೆ ಕೈಗೆ ಬರುತ್ತದೆ ಎಂದು ಚಿಕ್ಕಮ್ಮನ ಮನಸ್ಸನ್ನು ಅಲುಗಾಡಿಸಿದನು. ಈ ಪದ್ಧತಿಯು ನಮ್ಮ ನಗರಗಳಲ್ಲಿ ಬಹುವಾಗಿ ರೂಢಿಯಲ್ಲಿರುವುದರಿಂದ ಅದರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಭೋಗ್ಯವೆಂದರೆ, ಮನೆಯಲ್ಲಿರುವವನು ಬಾಡಿಗೆ ಕೊಡುವುದಿಲ್ಲ. ಅವನು ಕೊಟ್ಟ ಇಡಿಗಂಟನ್ನು ಅವಧಿಯ ಕೊನೆಗೆ ಕಾಸೂ ಕಡಿಮೆಯಾಗದಂತೆ ಹಿಂತಿರುಗಿಸಬೇಕು. ಆರು ಲಕ್ಷವನ್ನು ಬ್ಯಾಂಕಿನಲ್ಲಿ ನೂರಕ್ಕೆ ಏಳರ ಬಡ್ಡಿಗೆ ಇಟ್ಟರೂ ವರ್ಷಕ್ಕೆ 42,000, ತಿಂಗಳಿಗೆ 3,500 ರೂಪಾಯಿ. ಅದೇ ಮಹಡಿಗೆ ಬಾಡಿಗೆಯಾದರೆ 9,000 ಬರುತ್ತದೆ. ಆ 3,500 ಕೂಡ ಬರುವುದು ಹಣವು ಬ್ಯಾಂಕಿನಲ್ಲಿ ಉಳಿದರೆ ಮಾತ್ರ. ಚಿಕ್ಕಮ್ಮನ ಮನಸ್ಸಿನಲ್ಲಿ ಆಗಲೇ ತಾರಸಿಯ ದುರಸ್ತಿ, ಮೊಮ್ಮಗಳ ಓದು ಎಂದು ಆ ಗಂಟು ಕರಗತೊಡಗಿತ್ತು. ಮೂರು ವರ್ಷದ ನಂತರ ಹಿಂತಿರುಗಿಸಲು ಹಣವಿಲ್ಲದ 79 ವರ್ಷದ ಒಡತಿಯೂ, ಹಣ ಬರುವವರೆಗೆ ಮನೆ ಬಿಡಲೊಲ್ಲದ ಭೋಗ್ಯದಾರನೂ ಎದುರುಬದುರಾಗಿ ನಿಂತರೆ ನ್ಯಾಯವು ಭೋಗ್ಯದಾರನ ಕಡೆಗೇ ಇರುತ್ತದೆ. ಇಂತಹ ಭೋಗ್ಯಪತ್ರಕ್ಕೆ ನೋಂದಣಿಯೂ ಅವಶ್ಯಕ. ಆದರೆ ಬಿಳಿಯ ಹಾಳೆಯ ಮೇಲೆ, ಅಲ್ಪ ಬೆಲೆಯ ಛಾಪಾಕಾಗದದ ಮೇಲೆ ಲಕ್ಷಗಟ್ಟಲೆ ಹಣ ಕೈ ಬದಲಾಯಿಸುವುದನ್ನು ನಾನು ನೋಡಿದ್ದೇನೆ. ಕೈಯಲ್ಲಿ ಬೇರೆ ಉಳಿತಾಯವಿಲ್ಲದ ವೃದ್ಧರು ಮನೆಯನ್ನು ಭೋಗ್ಯಕ್ಕೆ ಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಫಲಕ ಕಟ್ಟಿದೆವು. ಅದರಲ್ಲಿ ಬರೆದ ದೂರವಾಣಿ ಸಂಖ್ಯೆ ನನ್ನದು. ಒಬ್ಬ ವೃದ್ಧೆ ಒಂಟಿಯಾಗಿರುವ ಮನೆಯೆಂಬ ಸಂಗತಿಯನ್ನು ಕರೆ ಮಾಡಿದವರಿಗೆಲ್ಲ ತಿಳಿಸುವ ಆವಶ್ಯಕತೆಯಿಲ್ಲ. ಮನೆ ತೋರಿಸುವುದು ಭಾನುವಾರ ಹಗಲು ಮಾತ್ರ, ನಾನಿದ್ದಾಗ ಮಾತ್ರ. ಬಂದವರು ಹೊರಮೆಟ್ಟಿಲಿನಿಂದಲೇ ಮೇಲೆ ಹೋಗಿ ಹೊರಮೆಟ್ಟಿಲಿನಿಂದಲೇ ಇಳಿಯುವರು. ಕೆಳಗಿನ ಮನೆಯೊಳಕ್ಕೆ ಮೊದಲ ದಿನವೇ ಯಾರನ್ನೂ ಕರೆಯಬಾರದೆಂದು ಚಿಕ್ಕಮ್ಮನೊಡನೆ ಮಾತಾಯಿತು. ಕಾಫಿ ಕೊಡದೆ ಕಳಿಸುವುದು ಆಕೆಗೆ ಬಹಳ ಕಷ್ಟವಾಯಿತು. ಕೊನೆಗೆ ಜಗಲಿಯಲ್ಲಿ ಒಂದು ಬೆಂಚು ಹಾಕಿಸಿ ಅಲ್ಲಿಯೇ ಕಾಫಿ ಕೊಡುವುದೆಂದಾಯಿತು.

ಮೊದಲ ವಾರವೇ ಬಂದ ಒಂದು ಕರೆಯನ್ನು ಇಲ್ಲಿ ಹೇಳಬೇಕು. ತಾನು ಸೈನ್ಯದ ಅಧಿಕಾರಿ, ವರ್ಗವಾಗಿ ಮೈಸೂರಿಗೆ ಬರುತ್ತಿದ್ದೇನೆ, ಮನೆ ನೋಡುವುದೇ ಬೇಡ, ಮುಂಗಡವನ್ನು ಈಗಲೇ ಕಳಿಸುತ್ತೇನೆ, ಅದಕ್ಕಾಗಿ ಒಂದು ಕ್ಯೂಆರ್ ಚಿತ್ರ ಬರುತ್ತದೆ, ಅದನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿ ಎಂದು ಹಿಂದಿಯಲ್ಲಿ ಗೌರವಪೂರ್ವಕವಾಗಿ ಮಾತನಾಡಿದ ಆ ಧ್ವನಿಯು, ಗುರುತಿನ ಚೀಟಿಯ ಚಿತ್ರವನ್ನೂ ಕಳಿಸಿತು. ಸೈನ್ಯದ ಹೆಸರು ಹೇಳಿ ಮನೆಯೊಡೆಯರನ್ನು ಮೋಸಗೊಳಿಸುವ ಈ ತಂತ್ರವು ದೇಶದಾದ್ಯಂತ ನಡೆಯುತ್ತಿದೆ. ನೆನಪಿನಲ್ಲಿಡಬೇಕಾದದ್ದು ಇಷ್ಟೇ: ಹಣ ಪಡೆಯುವವನು ಯಾವ ಕಾಲಕ್ಕೂ ಪಿನ್ ಒತ್ತಬೇಕಾಗಿಲ್ಲ; ಪಿನ್ ಒತ್ತಿದರೆ ಹಣ ನಮ್ಮ ಖಾತೆಯಿಂದ ಹೊರಗೆ ಹೋಗುತ್ತದೆ. ಈ ಕರೆಯು ಚಿಕ್ಕಮ್ಮನ ಫೋನಿಗೆ ಬಂದಿದ್ದರೆ ಏನಾಗುತ್ತಿತ್ತೆಂದು ನೆನೆದು ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಆರಿಸುವ ಪ್ರಶ್ನೆ ಬಂದಾಗ ಚಿಕ್ಕಮ್ಮ ಮೊದಲು ಕೇಳಿದ್ದು, “ಯಾವ ಜನ ಅಂತ ಕೇಳಬೇಡ್ವೇನೋ?” ಎಂದು. ನಮ್ಮ ಊರುಗಳಲ್ಲಿ ಈ ಪ್ರಶ್ನೆಗೆ ಸಿಕ್ಕಿ, ಕೈಯಲ್ಲಿ ಸಂಬಳವಿದ್ದರೂ ತಲೆಯ ಮೇಲೆ ಸೂರು ಸಿಗದೆ ಬೀದಿಬೀದಿ ಅಲೆಯುವವರು ಎಷ್ಟು ಜನ! ನಾನು ಚಿಕ್ಕಮ್ಮನಿಗೆ ಪಾಸ್‌ಬುಕ್ಕನ್ನು ನೆನಪು ಮಾಡಿದೆ. ಹಿಂದಿನ ಬಾಡಿಗೆದಾರರು ನಮ್ಮ ಜಾತಿಯವರೇ, ನಮ್ಮ ಬಂಧುಗಳ ಮಾತಿನ ಮೇಲೆಯೇ ಬಂದವರು. ಆ ಸಮಾನತೆಯೇ ನಾವು ಬೇರೇನನ್ನೂ ವಿಚಾರಿಸದಂತೆ ಮಾಡಿತ್ತು. ಜಾತಿಯನ್ನು ಕೇಳಿದವರಿಗೆ ವಿಚಾರಣೆ ಮುಗಿಯಿತೆಂಬ ಸಮಾಧಾನ ಬಂದುಬಿಡುತ್ತದೆ. ನಿಜವಾದ ವಿಚಾರಣೆಯು ಆಗ ಪ್ರಾರಂಭವೂ ಆಗಿರುವುದಿಲ್ಲ. ಚಿಕ್ಕಮ್ಮ ಬಹಳ ಹೊತ್ತು ಸುಮ್ಮನಿದ್ದು, “ಸರಿ, ಕೇಳೋದು ಬೇಡ” ಎಂದರು.

ಹಾಗಾದರೆ ಕೇಳತಕ್ಕದ್ದೇನು? ಕೆಲಸ ಎಲ್ಲಿ, ಎಷ್ಟು ಕಾಲದಿಂದ. ಮನೆಯಲ್ಲಿ ಎಷ್ಟು ಜನ ನಿಜವಾಗಿ ಇರುವರು. ಈಗಿರುವ ಮನೆಯನ್ನು ಏಕೆ ಬಿಡುತ್ತಿದ್ದೀರಿ. ಬಾಡಿಗೆಯು ಮನೆಗೆ ಬರುವ ಸಂಬಳದ ಮೂರರಲ್ಲೊಂದು ಪಾಲನ್ನು ಮೀರಿದರೆ ಎಂತಹ ಸಜ್ಜನನೂ ಎರಡು ತಿಂಗಳಲ್ಲಿ ಬಾಕಿದಾರನಾಗುತ್ತಾನೆ. ಎಲ್ಲಕ್ಕಿಂತ ಮುಖ್ಯವಾದ ವಿಚಾರಣೆಯನ್ನು ಮಾಡಬೇಕಾದದ್ದು ಹಳೆಯ ಮನೆಯೊಡೆಯರಲ್ಲಿ. ಅದರಲ್ಲಿಯೂ ಒಂದು ಸೂಕ್ಷ್ಮವಿದೆ. ಈಗಿನ ಮನೆಯ ಒಡೆಯರು, ಬಾಡಿಗೆದಾರನು ಹೇಗಾದರೂ ಹೋದರೆ ಸಾಕೆಂದು ಅವನನ್ನು ಹೊಗಳಿಬಿಡಬಹುದು. ಅದಕ್ಕೂ ಹಿಂದಿನ ಮನೆಯ ಒಡೆಯರಿಗೆ ಹಾಗೆ ಹೊಗಳಬೇಕಾದ ಪ್ರಯೋಜನವೇನೂ ಇಲ್ಲ. ಅವರ ಮಾತು ನಂಬಿಕೆಗೆ ಅರ್ಹ.

ಬಂದವರಲ್ಲಿ ಒಬ್ಬರು 9,000 ಹೇಳಿದ ಕಡೆ ತಾವಾಗಿ 11,000 ಕೊಡುತ್ತೇವೆಂದು, ಮೂರು ತಿಂಗಳದ್ದನ್ನು ನಗದಾಗಿ ಮುಂಚಿತವಾಗಿಯೇ ಕೊಡುತ್ತೇವೆಂದು, ನಾಳೆಯೇ ಸಾಮಾನು ತರುತ್ತೇವೆಂದು ಹೇಳಿದರು. ಕೆಲಸದ ವಿಳಾಸ ಕೇಳಿದಾಗ ಮಾತನ್ನು ಬೇರೆಡೆಗೆ ತಿರುಗಿಸಿದರು. ಅವಸರವೂ ಅಧಿಕ ಹಣವೂ ಕೂಡಿ ಬಂದಾಗ ನಿಲ್ಲಬೇಕು, ನಿಂತೆವು. ಮೂವರು ವಿದ್ಯಾರ್ಥಿಗಳು ಬಂದರು, ಒಳ್ಳೆಯ ಹುಡುಗರು. ಆದರೆ ಮಹಡಿಯ ನೆಲಕ್ಕೂ ಚಿಕ್ಕಮ್ಮನ ಮಲಗುವ ಕೋಣೆಗೂ ನಡುವೆ ಒಂದು ತಾರಸಿ ಮಾತ್ರ ಇರುವುದನ್ನು ಅವರಿಗೆ ನೇರವಾಗಿ ಹೇಳಿದೆ. ಅವರೂ ಒಪ್ಪಿಕೊಂಡು ಹೋದರು. ಕೊನೆಗೆ ಬಂದವರು ದಂಪತಿಗಳು, ಐದು ವರ್ಷದ ಒಬ್ಬ ಮಗಳು. ಗಂಡ ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಲೆಕ್ಕ ನೋಡುವವರು, ಹೆಂಡತಿ ಆಸ್ಪತ್ರೆಯೊಂದರಲ್ಲಿ ದಾದಿ. ಈಗಿನ ಮನೆ ಮಾರಾಟವಾಗಿದ್ದರಿಂದ ಬಿಡಬೇಕಾಗಿದೆ ಎಂದರು. ಅದಕ್ಕೂ ಹಿಂದೆ ಮಂಡ್ಯದಲ್ಲಿ ಇದ್ದ ಮನೆಯ ಯಜಮಾನರಿಗೆ ಫೋನು ಮಾಡಿದೆ. “ಬಾಡಿಗೆ ಐದನೇ ತಾರೀಖು ದಾಟ್ತಿರ್ಲಿಲ್ಲ ಸ್ವಾಮಿ. ಒಂದ್ಸಲ ಮಾತ್ರ ದಾಟ್ತು, ಮಗುವಿಗೆ ಹುಷಾರಿರ್ಲಿಲ್ಲ, ಆದ್ರೆ ಮೂರನೇ ತಾರೀಖೇ ಬಂದು ಹೇಳಿದ್ರು” ಎಂದರು ಅವರು. ತಡವಾಗುವುದನ್ನು ತಡವಾಗುವುದಕ್ಕೆ ಮುಂಚೆ ಹೇಳುವವರು! ಇದಕ್ಕಿಂತ ಹೆಚ್ಚಿನ ಪ್ರಮಾಣಪತ್ರ ನನಗೆ ಬೇಕಾಗಿರಲಿಲ್ಲ. ಆದರೂ ಇಬ್ಬರ ಕೆಲಸದ ಗುರುತಿನ ಚೀಟಿಗಳನ್ನೂ ಆಧಾರಿನ ಪ್ರತಿಗಳನ್ನೂ ತೆಗೆದುಕೊಂಡು, ವಿವರವನ್ನು ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದೆವು. ಅನುಮಾನವಿರುವವರಿಗೆ ಮಾತ್ರ ಹೀಗೆ ಮಾಡಿದರೆ ಅವಮಾನವಾಗುತ್ತದೆ; ಎಲ್ಲರಿಗೂ ಮಾಡುವ ಕ್ರಮವೆಂದು ಮೊದಲ ದಿನವೇ ಹೇಳಿದರೆ ಯಾರಿಗೂ ನೋವಾಗುವುದಿಲ್ಲ.

ಕರಾರುಪತ್ರದ ವಿಷಯದಲ್ಲಿ ಜನರಿಗೆ ಹನ್ನೊಂದು ತಿಂಗಳೆಂಬ ಅವಧಿ ಮಾತ್ರ ಗೊತ್ತು, ಅದರ ಕಾರಣ ಗೊತ್ತಿಲ್ಲ. 1882ರ ಸ್ವತ್ತು ಹಸ್ತಾಂತರಣ ಅಧಿನಿಯಮದ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯು ನೋಂದಣಿಯಾದ ಪತ್ರದಿಂದಲೇ ಆಗಬೇಕು; ಹನ್ನೊಂದು ತಿಂಗಳು ಆ ಮಿತಿಯ ಒಳಗೆ ನಿಲ್ಲುತ್ತದೆ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವಾದರೋ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ನಮ್ಮ ಮಹಡಿಯಂತಹ ಮನೆಗಳಲ್ಲಿ ಇಬ್ಬರ ಹಕ್ಕುಗಳೂ ಮುಖ್ಯವಾಗಿ ಆ ಹಳೆಯ ಕಾನೂನಿನ ಮೇಲೂ ಕರಾರಿನ ಮಾತುಗಳ ಮೇಲೂ ನಿಂತಿವೆ. ಕರಾರು ಮೌನವಾಗಿದ್ದ ಕಡೆ ಆ ಕಾನೂನು ಮಾತನಾಡುತ್ತದೆ, ಅದು ಆಡುವ ಮಾತು ಕೆಲವು ಸಲ ಮನೆಯೊಡೆಯರಿಗೆ ಆಶ್ಚರ್ಯವನ್ನುಂಟುಮಾಡುತ್ತದೆ. ಉದಾಹರಣೆಗೆ, ಬೇಡವೆಂದು ಬರೆದಿರದಿದ್ದರೆ ಬಾಡಿಗೆದಾರನು ಮನೆಯನ್ನು ಮತ್ತೊಬ್ಬನಿಗೆ ಒಳಬಾಡಿಗೆಗೆ ಕೊಡಬಹುದು. ಆದಕಾರಣ ಮನೆಯಲ್ಲಿ ಇರುವ ಮೂವರ ಹೆಸರುಗಳನ್ನೂ ಬರೆದು, ಒಳಬಾಡಿಗೆ ಕೂಡದೆಂದೂ ಬರೆದೆವು. ಇಬ್ಬರಲ್ಲಿ ಯಾರೇ ಆದರೂ ಎರಡು ತಿಂಗಳ ಮುಂಚೆ ತಿಳಿಸಿ ಕರಾರನ್ನು ಮುಗಿಸಬಹುದು ಎಂದು ಬರೆದೆವು. ತಿಂಗಳ ಬಾಡಿಗೆಗೆ ಕಾನೂನು ಹೇಳುವ ಹದಿನೈದು ದಿನಗಳ ನೋಟೀಸು, ಮಗುವನ್ನು ಶಾಲೆಗೆ ಹಾಕಿರುವ ಒಂದು ಸಂಸಾರಕ್ಕೆ ಸಾಲದು, ಹೊಸಬರನ್ನು ಹುಡುಕಬೇಕಾದ ಚಿಕ್ಕಮ್ಮನಿಗೂ ಸಾಲದು.

ಸಹಿ ಮಾಡತಕ್ಕವರು ಯಾರು ಎಂಬುದೂ ಒಂದು ಪ್ರಶ್ನೆಯಾಯಿತು. ಖಾತೆಯು ಇನ್ನೂ ಚಿಕ್ಕಪ್ಪನವರ ಹೆಸರಿನಲ್ಲಿಯೇ ಇತ್ತು. ವೃದ್ಧೆಯರ ಮನೆಗಳಲ್ಲಿ ಇದು ಬಹು ಸಾಮಾನ್ಯ. ಮಗನಿಂದಲೂ ಮಗಳಿಂದಲೂ, ತಾಯಿಯು ಬಾಡಿಗೆಗೆ ಕೊಡುವುದಕ್ಕೂ ಬಾಡಿಗೆ ಪಡೆಯುವುದಕ್ಕೂ ತಮ್ಮ ಒಪ್ಪಿಗೆಯಿದೆಯೆಂದು ಪತ್ರ ಬರೆಸಿಕೊಂಡು, ಖಾತೆ ವರ್ಗಾವಣೆಗೂ ಅರ್ಜಿ ಹಾಕಿ, ಅನಂತರ ಚಿಕ್ಕಮ್ಮನೇ ಸಹಿ ಮಾಡುವಂತೆ ಮಾಡಿದೆವು. ನನ್ನ ಹೆಸರಿನಲ್ಲಿ ಮಾಡೋಣವೆಂದು ಯಾರೋ ಹೇಳಿದರು, ನಾನು ಒಪ್ಪಲಿಲ್ಲ. ಮನೆ ಆಕೆಯದು. ಸಹಾಯಕ್ಕೆ ಬಂದ ನೆಂಟನೇ ಒಡೆಯನ ಸ್ಥಾನದಲ್ಲಿ ಕುಳಿತರೆ, ಗೆರೆ ಅಳಿಸುವ ಮೊದಲಿಗನು ಅವನೇ ಆಗುತ್ತಾನೆ. ಅದೇ ಕಾರಣದಿಂದ ಬಾಡಿಗೆಯು ನೇರವಾಗಿ ಚಿಕ್ಕಮ್ಮನ ಬ್ಯಾಂಕಿನ ಖಾತೆಗೆ ಬರುತ್ತದೆ; ಮುಂಗಡವಾಗಿ ಪಡೆದ ಐದು ತಿಂಗಳ 45,000 ರೂಪಾಯಿಯನ್ನು ಅಂದೇ ಪ್ರತ್ಯೇಕ ಠೇವಣಿಯಾಗಿ ಇಟ್ಟು, ಅದು ನಮ್ಮ ಹಣವಲ್ಲವೆಂಬುದನ್ನು ಠೇವಣಿಯ ರಸೀದಿಯ ಹಿಂದೆಯೇ ಬರೆದೆವು.

ಹನ್ನೆರಡು ವರ್ಷವಿದ್ದರೆ ಮನೆ ಬಾಡಿಗೆದಾರನದೇ ಆಗುತ್ತದೆಯೆಂಬ ಭೀತಿಯಿಂದ ಅನೇಕ ವೃದ್ಧರು ಮಹಡಿಗೆ ಬೀಗ ಹಾಕಿ ಇಟ್ಟಿರುವುದುಂಟು. ಆದರೆ ಬಾಡಿಗೆಗಿರುವವನು ಒಡೆಯನ ಅನುಮತಿಯಿಂದ ಒಳಗಿರುವವನು. ಬಾಡಿಗೆಯಿರುವಷ್ಟು ಕಾಲ ಒಡೆಯನ ಹಕ್ಕನ್ನು ಅವನು ಅಲ್ಲಗಳೆಯುವಂತಿಲ್ಲವೆಂಬುದು ನ್ಯಾಯಾಲಯಗಳ ಸ್ಥಿರವಾದ ನಿಲುವು. ಕರಾರು ಪತ್ರವೂ ಬ್ಯಾಂಕಿಗೆ ಬಂದ ಬಾಡಿಗೆಯೂ ಆ ಅನುಮತಿಯ ಸಾಕ್ಷಿಗಳು. ಬಾಯಿಮಾತಿನಲ್ಲಿ, ರಸೀದಿಯಿಲ್ಲದೆ, ನೆಂಟರೆಂದು ಪುಕ್ಕಟೆ ಇರಿಸಿಕೊಂಡವರ ವಿಷಯದಲ್ಲಿಯೇ ತೊಡಕು ಹೆಚ್ಚು. ಬಾಡಿಗೆದಾರನು ಹೇಳಿದ ದಿನ ಮನೆ ಬಿಡದಿದ್ದರೆ ವಕೀಲರ ನೋಟೀಸು, ಆಮೇಲೆ ಸಿವಿಲ್ ನ್ಯಾಯಾಲಯ. ನೀರು ನಿಲ್ಲಿಸುವುದು, ಬೀಗ ಜಡಿಯುವುದು ಕಾನೂನಿಗೂ ವಿರುದ್ಧ, ವೃದ್ಧೆಯೊಬ್ಬಳಿಗೆ ಅಪಾಯವೂ ಹೌದು.

ಮನೆಯ ನಿಯಮಗಳನ್ನು ಕರಾರಿನೊಳಗೆ ಸೇರಿಸಲಿಲ್ಲ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಒಂದು ಸಂಜೆ ಜಗಲಿಯ ಬೆಂಚಿನ ಮೇಲೆ ಎಲ್ಲರೂ ಕುಳಿತು ಓದಿದೆವು. ಮೊದಲ ನಿಯಮ ಚಿಕ್ಕಮ್ಮನಿಗೇ ಅನ್ವಯಿಸುವಂಥದು: ‘ಮನೆಯ ಒಡತಿಯು ಮುಂಚಿತವಾಗಿ ಕೇಳದೆ ಮಹಡಿಗೆ ಬರತಕ್ಕದ್ದಲ್ಲ; ಬಂದುಹೋಗುವ ನೆಂಟರ ವಿಚಾರ ಕೇಳತಕ್ಕದ್ದಲ್ಲ.’ ಅದನ್ನು ಕೇಳಿದಾಗ ದಾದಿಯ ಮುಖದಲ್ಲಿದ್ದ ಬಿಗಿತವು ಸಡಿಲವಾದುದನ್ನು ನಾನು ನೋಡಿದೆ. ಮೊದಲು ಮನೆಯ ಒಡತಿಯನ್ನೇ ಕಟ್ಟಿಹಾಕುವ ನಿಯಮಾವಳಿಯು ಉಳಿದವರಿಗೆ ಕಟ್ಟಾಗಿ ಕಾಣುವುದಿಲ್ಲ. ಮೋಟಾರನ್ನು ಬೆಳಿಗ್ಗೆ ಆರು ಗಂಟೆಗೆ ಹಾಕುವವರು ಮೇಲಿನವರು, ಟ್ಯಾಂಕು ತುಂಬಿದ ಮೇಲೆ ನಿಲ್ಲಿಸುವವರೂ ಅವರೇ. ಒಬ್ಬರು ಹಾಕಿ ಇನ್ನೊಬ್ಬರು ನಿಲ್ಲಿಸುವ ಪದ್ಧತಿಯಲ್ಲಿ ನೀರು ಬೀದಿಗೆ ಹರಿಯುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಿಕ್ಸಿಯೂ ಸಾಮಾನು ಎಳೆಯುವುದೂ ಬೇಡ. ಅದು ಚಿಕ್ಕಮ್ಮ ಮಲಗುವ ಹೊತ್ತು. ಗೋಡೆಗೆ ಮೊಳೆ ಹೊಡೆಯುವ ಮುಂಚೆ ಒಂದು ಮಾತು.

ಗೇಟಿನ ವಿಷಯದಲ್ಲಿ ಮಾತು ಸ್ವಲ್ಪ ಹೊತ್ತು ನಿಂತಿತು. ಒಂಬತ್ತೂವರೆಗೆ ಗೇಟಿಗೆ ಬೀಗ ಹಾಕುವುದು ಚಿಕ್ಕಪ್ಪನವರ ಕಾಲದಿಂದ ಬಂದ ಪದ್ಧತಿ. ದಾದಿಗೆ ವಾರದಲ್ಲಿ ಎರಡು ದಿನ ಪಾಳಿ ಮುಗಿಯುವುದು ರಾತ್ರಿ ಒಂಬತ್ತಕ್ಕೆ, ಮನೆ ಸೇರುವುದು ಹತ್ತಕ್ಕೆ. ಹಾಳೆಯಲ್ಲಿ ಒಂಬತ್ತೂವರೆ ಎಂದು ಬರೆದಿದ್ದರೆ ಆಕೆ ಮೊದಲ ವಾರದಲ್ಲಿಯೇ ನಿಯಮಭಂಗ ಮಾಡಬೇಕಾಗುತ್ತಿತ್ತು. ಪಾಲಿಸಲಾಗದ ಒಂದು ನಿಯಮವು ಪಾಲಿಸಬಹುದಾದ ಉಳಿದೆಲ್ಲವನ್ನೂ ಸಡಿಲಗೊಳಿಸುತ್ತದೆ. ಚಿಕ್ಕಮ್ಮನಿಗೆ ಬೇಕಾಗಿದ್ದುದು ಗಂಟೆಯಲ್ಲ, ಬೀಗ ಬಿದ್ದಿದೆಯೆಂಬ ನೆಮ್ಮದಿ. ಅದನ್ನು ತಿಳಿದ ಮೇಲೆ ದಾರಿ ಸುಲಭವಾಯಿತು: ಗೇಟಿನ ಬೀಗದಕೈ ಇಬ್ಬರಲ್ಲಿಯೂ ಒಂದೊಂದು, ಒಂಬತ್ತೂವರೆಗೆ ಬೀಗ ಬೀಳುತ್ತದೆ, ಪಾಳಿಯ ದಿನ ಆಕೆ ತಾನೇ ತೆಗೆದು, ಪುನಃ ಹಾಕಿ, ಮೆಟ್ಟಿಲಿನ ದೀಪವನ್ನು ಆರಿಸುತ್ತಾಳೆ. ದೀಪ ಆರಿತೆಂದರೆ ಬೀಗ ಬಿದ್ದಿತೆಂದು ಚಿಕ್ಕಮ್ಮನಿಗೆ ಹಾಸಿಗೆಯಿಂದಲೇ ತಿಳಿಯುತ್ತದೆ.

ಹಾಳೆಯ ಕೊನೆಯ ಸಾಲನ್ನು ಚಿಕ್ಕಮ್ಮ ತಾನೇ ಬರೆಸಿದರು: ‘ಬ್ಯಾಂಕಿನ ಕೆಲಸ, ಕಾರ್ಡು, ಪಿನ್ನು, ಸಹಿ ಬೇಕಾದ ಕಾಗದ, ಕೈಸಾಲ, ಇವುಗಳನ್ನು ಒಬ್ಬರು ಇನ್ನೊಬ್ಬರಲ್ಲಿ ಕೇಳಬಾರದು.’ ಅಂಗಡಿಯಿಂದ ಸೊಪ್ಪು ತರುವುದು, ಹಬ್ಬದ ದಿನ ಹೋಳಿಗೆ ಕೊಡುವುದು, ಜ್ವರ ಬಂದರೆ ನೋಡುವುದು, ಇವನ್ನು ಯಾರೂ ತಡೆಯಬೇಕಾಗಿಲ್ಲ. ಹಣ ಮತ್ತು ಸಹಿ ಎಂಬ ಎರಡನ್ನು ಬೇಲಿಯ ಆಚೆ ಇಟ್ಟರೆ ಸ್ನೇಹವು ಬೇಲಿಯ ಈಚೆ ನಿರ್ಭಯವಾಗಿ ಬೆಳೆಯಬಹುದು.

ನನ್ನ ಪಾಲಿನ ಕೆಲಸ ಈಗ ಸ್ವಲ್ಪವೇ. ಪ್ರತಿ ತಿಂಗಳು ಆರನೆಯ ತಾರೀಖು ಚಿಕ್ಕಮ್ಮನಿಗೆ ಫೋನು. ಮೂರು ತಿಂಗಳಿಗೊಮ್ಮೆ ಆಕೆಯ ಎದುರಿನಲ್ಲಿಯೇ ಪಾಸ್‌ಬುಕ್ಕು ಓದುವುದು. ಬಾಡಿಗೆಯ ದಿನ ಜಾರತೊಡಗುವುದು, ಬ್ಯಾಂಕಿನ ಬದಲು ನಗದು ಬರುವುದು, ಮೆಟ್ಟಿಲಿನ ಮೇಲೆ ಗುರುತಿಲ್ಲದ ಚಪ್ಪಲಿಗಳು ಹೆಚ್ಚುವುದು, ‘ನಿಮ್ಮ ಮಕ್ಕಳಿಗೆ ಹೇಳಬೇಡಿ’ ಎಂಬ ಮಾತು ಒಂದೇ ಒಂದು ಸಲವಾದರೂ ಕೇಳಿಬರುವುದು, ಇವು ಎಚ್ಚರಗೊಳ್ಳಬೇಕಾದ ಲಕ್ಷಣಗಳು. ಕೊನೆಯದು ಎಲ್ಲಕ್ಕಿಂತ ಘೋರವಾದದ್ದು. ವಿಚಾರಿಸುವ ನಾವು ಗದರಿಸುವವರಾದರೆ ಆ ಮಾತು ನಮ್ಮ ಕಿವಿಗೆ ಎಂದಿಗೂ ಬೀಳುವುದಿಲ್ಲವೆಂಬುದನ್ನು ನಾನು ಒಮ್ಮೆ ಕಲಿತಿದ್ದೇನೆ.

ಮಹಡಿಯ ಎರಡನೆಯ ಬೀಗದಕೈಯನ್ನು ಯಾರು ಇಟ್ಟುಕೊಳ್ಳಬೇಕೆಂಬುದೂ ಆ ಸಂಜೆಯೇ ತೀರ್ಮಾನವಾಗಿತ್ತು. ಅದನ್ನು ಒಂದು ಕಂದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಅಂಟಿಸಿದ ಜಾಗದ ಮೇಲೆ ಚಿಕ್ಕಮ್ಮನೂ ದಾದಿಯೂ ತಾರೀಖಿನೊಡನೆ ಸಹಿ ಮಾಡಿ, ಚಿಕ್ಕಮ್ಮನ ಕಬ್ಬಿಣದ ಬೀರುವಿನಲ್ಲಿ ಇಟ್ಟರು. ಹನ್ನೊಂದು ತಿಂಗಳು ಮುಗಿದು, ನೂರಕ್ಕೆ ಐದು ಸೇರಿಸಿ 9,450ಕ್ಕೆ ಕರಾರು ಹೊಸದಾಗಿದೆ. ಅಷ್ಟು ಕಾಲದಲ್ಲಿ ಲಕೋಟೆ ಒಂದೇ ಸಲ ತೆರೆಯಿತು. ದಸರೆಯ ರಜೆಗೆ ಮೇಲಿನವರು ಊರಿಗೆ ಹೋಗಿದ್ದಾಗ ಅವರ ಬಚ್ಚಲಿನ ನಲ್ಲಿಯ ವಾಷರು ಹೋಗಿ, ನೀರು ಚಿಕ್ಕಮ್ಮನ ಗೋಡೆಯ ಮೇಲೆ ಇಳಿಯತೊಡಗಿತು. ಚಿಕ್ಕಮ್ಮ ಫೋನು ಮಾಡಿ ಅನುಮತಿ ಕೇಳಿ, ಪಕ್ಕದ ಮನೆಯವರನ್ನು ಜೊತೆಗೆ ಕರೆದುಕೊಂಡು, ಲಕೋಟೆಯನ್ನು ಹರಿದು, ಮೇಲೆ ಹೋಗಿ ನೀರಿನ ವಾಲ್ವು ತಿರುಗಿಸಿ ಇಳಿದುಬಂದರು. ಊರಿನಿಂದ ಬಂದ ದಿನ ಮೇಲಿನ ಮಗುವೇ ಗೋಂದಿನ ಶೀಸೆಯನ್ನು ಹಿಡಿದುಕೊಂಡು ಕೆಳಗಿಳಿಯಿತು. ಹೊಸ ಲಕೋಟೆಯ ಮೇಲೆ ಈಗ ಮೂರು ಸಹಿಗಳಿವೆ. ಮೂರನೆಯದು ಆಗತಾನೇ ಕಲಿತ ದೊಡ್ಡ ಅಕ್ಷರಗಳಲ್ಲಿ, ಸ್ವಲ್ಪ ಓರೆಯಾಗಿ, ಲಕೋಟೆಯ ಅಂಚನ್ನು ದಾಟಿದೆ.